ಆಫರ್ ಮೇಲ್‌ಗೆ ಉತ್ತರ: ಫಿಕ್ಸೆಡ್ ಕೇಳುವುದೋ, ಜಾಯ್ನಿಂಗ್ ಬೋನಸ್ಸೋ, ವೇರಿಯಬಲ್ ಬದಲಾಯಿಸಿಕೊಳ್ಳುವುದೋ?

ಬೆಂಗಳೂರಿನ ಕಂಪನಿಯೊಂದರಿಂದ ಆಫರ್ ಮೇಲ್ ಬಂದಿದೆ. ಮೇಲೆ ಅಭಿನಂದನೆ, ಜೊತೆಗೊಂದು ಪಿಡಿಎಫ್, ಕೊನೆಗೆ ಮೂರು ದಿನದೊಳಗೆ ಒಪ್ಪಿಗೆ ತಿಳಿಸಿ ಅನ್ನುವ ಸಾಲು. ಸಂಬಳ ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ. ಈ ಹಂತದಲ್ಲಿ ನನ್ನನ್ನು ಕೇಳುವವರೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ: ಬೇಜಾರಾಗದ ಹಾಗೆ ಹೇಗೆ ಕೇಳೋದು? ಹಲವು ವರ್ಷ ನೇಮಕಾತಿ ವಿಭಾಗದಲ್ಲಿ ಕೂತು ಇಂಥ ಉತ್ತರಗಳನ್ನು ಓದಿದ್ದೇನೆ. ಹೇಗೆ ಕೇಳಬೇಕು ಅನ್ನುವುದಕ್ಕಿಂತ ಏನನ್ನು ಕೇಳಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ ಅನ್ನುವುದೇ ನನ್ನ ಸಲಹೆ. ಎಷ್ಟೇ ವಿನಯದಿಂದ ಕೇಳಿದರೂ, ಆ ಕಂಪನಿಯಲ್ಲಿ ಕೊಡಲು ದಾರಿಯೇ ಇಲ್ಲದ್ದನ್ನು ಕೇಳಿದರೆ ಉತ್ತರ ಇಲ್ಲ ಅಂತಲೇ ಬರುತ್ತದೆ.

ಕಾರಣ ಇಷ್ಟು. ನಿಮ್ಮ ಮೇಲ್ ಓದುವ ರಿಕ್ರೂಟರ್‌ಗೆ ಹಣ ಮಂಜೂರು ಮಾಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಆಕೆ ಅದನ್ನು ಹೈರಿಂಗ್ ಮ್ಯಾನೇಜರ್‌ಗೆ ಕಳಿಸುತ್ತಾಳೆ. ಅಲ್ಲಿಂದ ಅದು ಸಂಬಳದ ಬ್ಯಾಂಡ್ ನೋಡಿಕೊಳ್ಳುವ ತಂಡಕ್ಕೆ ಹೋಗುತ್ತದೆ, ಕೆಲವೊಮ್ಮೆ ಫೈನಾನ್ಸ್‌ಗೂ ಹೋಗುತ್ತದೆ. ನಿಮ್ಮನ್ನು ಒಮ್ಮೆಯೂ ನೋಡದ ಯಾರೋ ಒಬ್ಬರು ನಿಮ್ಮ ನಾಲ್ಕು ಸಾಲು ಓದಿ ಹೂಂ ಅಥವಾ ಊಹೂಂ ಅನ್ನುತ್ತಾರೆ. ಹಾಗಾಗಿ ರಿಕ್ರೂಟರ್ ಒಂದಕ್ಷರವನ್ನೂ ಬದಲಾಯಿಸದೆ ಫಾರ್ವರ್ಡ್ ಮಾಡಬಹುದಾದ ಮೇಲ್ ಬರೆಯಬೇಕು. ಜೊತೆಗೆ, ಫಿಕ್ಸೆಡ್ ಸಂಬಳ, ಜಾಯ್ನಿಂಗ್ ಬೋನಸ್, ವರ್ಷದ ಫಲಿತಾಂಶ ನೋಡಿ ಕೊಡುವ ವೇರಿಯಬಲ್ ಈ ಮೂರಕ್ಕೂ ಒಪ್ಪಿಗೆ ಕೊಡುವವರು ಬೇರೆ ಬೇರೆ, ಕಂಪನಿಗೆ ಬೀಳುವ ಹೊರೆಯೂ ಬೇರೆ ಬೇರೆ. ಅದನ್ನು ತಿಳಿದು ಕೇಳಿದವರಿಗೆ ಏನಾದರೊಂದು ಸಿಗುವ ಸಾಧ್ಯತೆ ಹೆಚ್ಚು.

ಮೊದಲು ಪತ್ರವನ್ನು ಬಿಡಿಸಿ ನೋಡಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕಾಗಿ ನಾನೇ ಹಾಕಿದ್ದೇನೆ, ಆದರೆ ಪತ್ರದ ಸ್ವರೂಪ ನೀವು ನೋಡಿರುವಂಥದ್ದೇ. ಐದು ವರ್ಷ ಅನುಭವದ ಟೆಸ್ಟಿಂಗ್ ಇಂಜಿನಿಯರ್ ಒಬ್ಬಳು. ಫೋನಿನಲ್ಲಿ ರಿಕ್ರೂಟರ್ ಎಷ್ಟು ನಿರೀಕ್ಷೆ ಅಂತ ಕೇಳಿದಾಗ ಹದಿನಾರು ಅಂದಿದ್ದಳು. ಪತ್ರದಲ್ಲೂ ಹದಿನಾರೇ ಬಂದಿದೆ: ಸಿಟಿಸಿ, ಅಂದರೆ ಕಂಪನಿ ಅವಳಿಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು, ₹16,00,000. ಆದರೆ ಒಳಗೆ ನೋಡಿದರೆ ವೇರಿಯಬಲ್ ₹1,60,000, ಕಂಪನಿಯ ಪಾಲಿನ ಪಿಎಫ್ ₹21,600, ಗ್ರಾಚ್ಯುಟಿ ₹38,480, ಆರೋಗ್ಯ ವಿಮೆಯ ಪ್ರೀಮಿಯಂ ₹19,920. ಇವೆಲ್ಲ ಕಳೆದು ತಿಂಗಳು ತಿಂಗಳು ಬರುವ ಫಿಕ್ಸೆಡ್ ಗ್ರಾಸ್ ₹13,60,000.

ಇಲ್ಲಿ ಪಿಎಫ್ ತಿಂಗಳ ವೇತನದ ₹15,000ದ ಮಿತಿಗೆ 12% ಲೆಕ್ಕದಲ್ಲಿ ತಿಂಗಳಿಗೆ ₹1,800. ಗ್ರಾಚ್ಯುಟಿ ಅಂದರೆ ವರ್ಷಕ್ಕೆ 15 ದಿನದ ಮೂಲವೇತನ, ವರ್ಷದ ಮೂಲವೇತನದ ಸುಮಾರು 4.81%. ಕಾಯಂ ನೌಕರರಿಗೆ ಇದು ಸಾಮಾನ್ಯವಾಗಿ 5 ವರ್ಷ ಸೇವೆಯಾದ ಮೇಲೆಯೇ ಸಿಗುವ ಹಣ. ಮೂರು ವರ್ಷಕ್ಕೆ ಕೆಲಸ ಬದಲಿಸುವವರ ಪಾಲಿಗೆ ಅದು ಕಾಗದದ ಮೇಲಷ್ಟೇ ಇರುತ್ತದೆ. ವಿಮೆ ಒಳ್ಳೆಯದೇ, ಆದರೆ ಆ ಹಣ ಖಾತೆಗೆ ಬರುವುದಿಲ್ಲ.

ಇನ್ನು ಕೈಗೆ ಬರುವ ಲೆಕ್ಕ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಫಿಕ್ಸೆಡ್ ಮೇಲಿನ ತೆರಿಗೆ ಸೆಸ್ ಸೇರಿ ₹75,660. ಅವಳ ಪಾಲಿನ ಪಿಎಫ್ ₹21,600, ಕರ್ನಾಟಕದ ವೃತ್ತಿ ತೆರಿಗೆ ವರ್ಷಕ್ಕೆ ₹2,500. ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು ₹1,05,000. ಹದಿನಾರು ಲಕ್ಷವನ್ನು ನೇರವಾಗಿ ಹನ್ನೆರಡರಿಂದ ಭಾಗಿಸಿದವಳಿಗೆ ₹1,33,000 ಕಾಣಿಸಿರುತ್ತದೆ. ಪತ್ರ ನೋಡಿದಾಗ ಆಗುವ ಬೇಸರದ ಮೂಲ ಈ ಇಪ್ಪತ್ತೆಂಟು ಸಾವಿರ.

ಈ ಲೆಕ್ಕ ಹಾಕದೆ ಉತ್ತರ ಬರೆಯಬೇಡಿ. ಪತ್ರದಲ್ಲಿ ವಿಂಗಡಣೆ ಇಲ್ಲದಿದ್ದರೆ ಮೊದಲ ಮೇಲ್‌ನಲ್ಲಿ ಅದನ್ನೊಂದೇ ಕೇಳಿ: ಆಫರ್‌ಗೆ ಧನ್ಯವಾದ, ಸಿಟಿಸಿಯ ವಿವರವಾದ ವಿಂಗಡಣೆ ಕಳಿಸಿದರೆ ನೋಡಿ ನಾಳೆಯೊಳಗೆ ಉತ್ತರಿಸುತ್ತೇನೆ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕೆಲವು ಕಂಪನಿಗಳು ಪೋರ್ಟಲ್ ಲಿಂಕ್ ಕಳಿಸುತ್ತವೆ, ಅದರಲ್ಲಿ ಒಪ್ಪಿಗೆಯ ಗುಂಡಿ ಇರುತ್ತದೆ. ಆ ಗುಂಡಿ ಒತ್ತಿದ ಮೇಲೆ ಸಂಬಳದ ಮಾತು ಮುಗಿದಂತೆಯೇ. ಕೇಳುವುದೇನಿದ್ದರೂ ಅದಕ್ಕೆ ಮೊದಲು ಕೇಳಿ.

ಫಿಕ್ಸೆಡ್ ಹೆಚ್ಚಿಸಿ ಅಂತ ಕೇಳುವುದು

ನಿಮಗೆ ಹೆಚ್ಚು ಲಾಭ ಇದರಲ್ಲೇ. ಈ ವರ್ಷ ಹೆಚ್ಚಾದ ₹1,00,000 ಮುಂದಿನ ವರ್ಷವೂ ಇರುತ್ತದೆ, ಅದರ ಮೇಲೆ ಹೈಕ್ ಕೂಡ ಬರುತ್ತದೆ. ವರ್ಷಕ್ಕೆ 8% ಹೈಕ್ ಅಂತಿಟ್ಟುಕೊಂಡರೆ ಮೂರು ವರ್ಷಕ್ಕೆ ಒಟ್ಟು ₹3,24,640. ಮುಂದಿನ ಕಂಪನಿಯವರು ಪೇ ಸ್ಲಿಪ್ ಕೇಳಿದಾಗ ಅವರ ಲೆಕ್ಕವೂ ಇದರಿಂದಲೇ ಶುರುವಾಗುತ್ತದೆ.

ಕಂಪನಿಗೆ ಕಷ್ಟವಾಗುವುದೂ ಇದೇ ಕಾರಣಕ್ಕೆ. ಪ್ರತಿ ಗ್ರೇಡಿಗೂ ಒಂದು ಬ್ಯಾಂಡ್ ಇರುತ್ತದೆ. ಅದೇ ತಂಡದಲ್ಲಿ ಅದೇ ಅನುಭವ ಇರುವವರು ಏನು ತೆಗೆದುಕೊಳ್ಳುತ್ತಿದ್ದಾರೆ ಅನ್ನುವುದನ್ನೂ ನೋಡುತ್ತಾರೆ. ಬ್ಯಾಂಡ್‌ನ ಒಳಗೆ ಜಾಗ ಇದ್ದರೆ ಮ್ಯಾನೇಜರ್ ಒಪ್ಪಿದರೆ ಸಾಕು, ಒಂದೆರಡು ದಿನದಲ್ಲಿ ಆಗುತ್ತದೆ. ಮೇಲಿನ ಅಂಚಿಗೆ ತಾಗಿದ್ದರೆ ಎರಡು ಮೂರು ಹಂತ ದಾಟಬೇಕು, ಆಗ ರಿಕ್ರೂಟರ್ ಬೇರೆ ದಾರಿ ಹುಡುಕತೊಡಗುತ್ತಾಳೆ. ಜಾಗ ಇದೆಯೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಒಂದು ಸುಳಿವು ಸಿಗುತ್ತದೆ. ನೋಡ್ತೀನಿ, ಮ್ಯಾನೇಜರ್ ಹತ್ರ ಮಾತಾಡ್ತೀನಿ ಅಂದರೆ ಜಾಗ ಇರಬಹುದು. ಈ ಗ್ರೇಡಿಗೆ ಇದೇ ಗರಿಷ್ಠ ಅಂತ ತಕ್ಷಣ ಬಂದರೆ ಫಿಕ್ಸೆಡ್ ಬಿಟ್ಟು ಬೋನಸ್ಸಿನ ಕಡೆ ತಿರುಗುವುದು ಜಾಣತನ.

ಕೇಳುವಾಗ ಸಿಟಿಸಿ ಹದಿನೇಳು ಮಾಡಿ ಅಂತ ಬರೆಯಬೇಡಿ. ಮೇಲಿನ ಪತ್ರದ ಲೆಕ್ಕದಲ್ಲೇ ಸಿಟಿಸಿ ಒಂದು ಲಕ್ಷ ಹೆಚ್ಚಿದರೆ ಅದರಲ್ಲಿ ₹10,000 ವೇರಿಯಬಲ್‌ಗೆ ಹೋಗುತ್ತದೆ, ಎರಡು ಸಾವಿರದ ಚಿಲ್ಲರೆ ಗ್ರಾಚ್ಯುಟಿಗೆ ಹೋಗುತ್ತದೆ, ಉಳಿದದ್ದಕ್ಕೆ 15.6% ತೆರಿಗೆ. ಕೊನೆಗೆ ತಿಂಗಳಿಗೆ ಕೈಗೆ ಬರುವುದು ₹6,100ರ ಆಸುಪಾಸು. ಫಿಕ್ಸೆಡ್ ಗ್ರಾಸ್ ಇಷ್ಟಾಗಲಿ ಅಂತ ಬರೆದರೆ ಇಬ್ಬರೂ ಒಂದೇ ಅಂಕಿಯ ಬಗ್ಗೆ ಮಾತಾಡುತ್ತಿದ್ದೀರಿ ಅನ್ನುವುದು ಖಾತ್ರಿಯಾಗುತ್ತದೆ.

ಹದಿನಾಲ್ಕರಿಂದ ಹದಿನೈದರ ನಡುವೆ ಅಂತ ಬರೆಯುವುದೋ, ಒಂದೇ ಅಂಕಿ ಬರೆಯುವುದೋ? ಒಂದೇ ಅಂಕಿ. ನಡುವೆ ಅಂತ ಬರೆದರೆ ಒಪ್ಪಿಗೆ ಕೊಡುವವರಿಗೆ ಕಾಣುವುದು ಕೆಳಗಿನ ಅಂಕಿ ಮಾತ್ರ. ಅಂಕಿ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಅಳತೆ ಇದೆ. ಲಿಖಿತ ಆಫರ್ ಬಂದ ಮೇಲೆ ಕೊಟ್ಟದ್ದಕ್ಕಿಂತ 5ರಿಂದ 10% ಹೆಚ್ಚು ಕೇಳಿದರೆ ಅದು ಮಾತುಕತೆ ಅನ್ನಿಸುತ್ತದೆ. 25% ಕೇಳಿದರೆ, ಇಷ್ಟು ದಿನ ಮಾತಾಡಿದ್ದೆಲ್ಲ ವ್ಯರ್ಥ ಅನ್ನಿಸಿಬಿಡುತ್ತದೆ. ಅಷ್ಟು ವ್ಯತ್ಯಾಸ ಇರುವ ಮಾತನ್ನು ಪತ್ರ ಬರುವ ಮೊದಲೇ ಆಡಿರಬೇಕಿತ್ತು.

ಜಾಯ್ನಿಂಗ್ ಬೋನಸ್ ಕೇಳುವುದು

ಇದು ಒಂದು ಸಲದ ಖರ್ಚು. ಬ್ಯಾಂಡ್ ಮುರಿಯುವುದಿಲ್ಲ, ಪಕ್ಕದ ಸಹೋದ್ಯೋಗಿಯ ಸಂಬಳದ ಜೊತೆ ಹೋಲಿಕೆ ಬರುವುದಿಲ್ಲ. ಆದ್ದರಿಂದ ಫಿಕ್ಸೆಡ್‌ಗಿಂತ ಬೇಗ ಸಿಗುತ್ತದೆ, ಕೆಲವು ಕಡೆ ರಿಕ್ರೂಟರ್‌ಗಳೇ ಮುಂದಾಗಿ ಹೇಳುತ್ತಾರೆ.

ಕೇಳಲು ಗಟ್ಟಿ ಕಾರಣ ಯಾವುದು ಅಂದರೆ, ನೀವು ಹಳೆಯ ಕಂಪನಿಯಲ್ಲಿ ಬಿಟ್ಟು ಬರುವ ಹಣ. ನಮ್ಮ ಉದಾಹರಣೆಯ ಇಂಜಿನಿಯರ್‌ಗೆ ಈಗಿನ ಕಂಪನಿಯಲ್ಲಿ ಏಪ್ರಿಲ್‌ನಲ್ಲಿ ₹90,000 ವಾರ್ಷಿಕ ಬೋನಸ್ ಬರಬೇಕಿದೆ. ಪಾವತಿಯ ದಿನ ಅವಳು ಅಲ್ಲಿ ನೌಕರಳಾಗಿ ಇರಬೇಕು, ಫೆಬ್ರುವರಿಗೇ ಬಿಟ್ಟರೆ ಅದು ಇಲ್ಲ. ಇದು ಪತ್ರ ತೋರಿಸಿ ಸಾಬೀತು ಮಾಡಬಹುದಾದ ನಷ್ಟ. ಮಂಜೂರು ಮಾಡುವವರಿಗೆ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಳ್ಳಲು ಒಂದು ಕಾರಣ ಬೇಕಿರುತ್ತದೆ, ಅದನ್ನು ನೀವೇ ಕೊಟ್ಟಂತಾಗುತ್ತದೆ. ಬೆಂಗಳೂರಿನ ಬಾಡಿಗೆ ಜಾಸ್ತಿ, ಮನೆ ಸಾಲದ ಕಂತಿದೆ, ತಂಗಿಯ ಮದುವೆ ಇದೆ ಅನ್ನುವುದೆಲ್ಲ ನಿಜವೇ ಇರಬಹುದು. ಓದಿದವರಿಗೆ ಕನಿಕರವೂ ಆಗಬಹುದು. ಆದರೆ ಅದನ್ನು ಯಾವ ಅರ್ಜಿಯಲ್ಲೂ ತುಂಬಲು ಬರುವುದಿಲ್ಲ.

ಬೋನಸ್ಸಿನ ಜೊತೆ ಬರುವ ಷರತ್ತನ್ನು ಪೂರ್ತಿ ಓದಿ. ಒಂದು ವರ್ಷದೊಳಗೆ, ಕೆಲವು ಕಡೆ ಎರಡು ವರ್ಷದೊಳಗೆ, ಕೆಲಸ ಬಿಟ್ಟರೆ ಹಣ ವಾಪಸ್ ಕೊಡಬೇಕು ಅಂತ ಇರುತ್ತದೆ. ತೊಡಕು ಎಲ್ಲಿ ಅಂದರೆ, ₹1,50,000 ಬೋನಸ್ಸಿಗೆ 15.6% ತೆರಿಗೆ ಕಡಿತವಾಗಿ ಅವಳ ಕೈಗೆ ಬರುವುದು ₹1,26,600. ವಾಪಸ್ ಕೇಳುವಾಗ ಬಹಳ ಕಡೆ ಪೂರ್ತಿ ₹1,50,000 ಕೇಳುತ್ತಾರೆ. ಕಟ್ಟಿದ ತೆರಿಗೆಯನ್ನು, ಅದರಲ್ಲೂ ಹಣಕಾಸು ವರ್ಷ ದಾಟಿದ್ದರೆ, ಮರಳಿ ಪಡೆಯುವುದು ಸುಲಭವಲ್ಲ. ಹಾಗಾಗಿ ಮೂರು ಸಂಗತಿ ಸ್ಪಷ್ಟವಾಗಿರಲಿ: ಹಣ ಮೊದಲ ಸಂಬಳದ ಜೊತೆ ಬರುತ್ತದೋ ಆರು ತಿಂಗಳಾದ ಮೇಲೋ, ವಾಪಸಾತಿ ಪೂರ್ತಿಯೋ ಉಳಿದ ತಿಂಗಳ ಲೆಕ್ಕದಲ್ಲೋ, ಕಂಪನಿಯೇ ಕೆಲಸದಿಂದ ತೆಗೆದರೆ ಆಗಲೂ ಕೊಡಬೇಕೋ. ಕೊನೆಯದನ್ನು ಕೇಳಲು ಜನ ಹಿಂಜರಿಯುತ್ತಾರೆ. ಮೇಲ್‌ನಲ್ಲಿ ಒಂದೇ ಸಾಲಿನಲ್ಲಿ ಕೇಳಿ, ಅದು ಸಹಜವಾದ ಪ್ರಶ್ನೆ.

ವರ್ಷದೊಳಗೆ ಬಿಡುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಬೋನಸ್ ಬೇಡ, ಸಣ್ಣದಾದರೂ ಫಿಕ್ಸೆಡ್ ಏರಿಕೆಯನ್ನೇ ಕೇಳಿ.

ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ತಿರುಗಿಸಿಕೊಳ್ಳುವುದು

ಒಟ್ಟು ಸಿಟಿಸಿ ಬದಲಾಗುವುದಿಲ್ಲ, ಒಳಗಿನ ಹಂಚಿಕೆ ಮಾತ್ರ ಬದಲಾಗುತ್ತದೆ. ಕಾಗದದ ಮೇಲೆ ಕಂಪನಿಗೆ ಒಂದು ರೂಪಾಯಿಯೂ ಹೆಚ್ಚಿಲ್ಲ. ನಿಮಗೋ, ಬರಬಹುದು ಅನ್ನುವ ಹಣ ಬಂದೇ ಬರುವ ಹಣವಾಗುತ್ತದೆ. ಇದರ ಬೆಲೆ ಗೊತ್ತಾಗಬೇಕಾದರೆ ವೇರಿಯಬಲ್‌ನ ನಿಯಮ ಕೇಳಿ ನೋಡಿ. ವೈಯಕ್ತಿಕ ರೇಟಿಂಗ್ ಒಂದು ಕಡೆ, ಕಂಪನಿಯ ಫಲಿತಾಂಶ ಇನ್ನೊಂದು ಕಡೆ, ಎರಡನ್ನೂ ಸೇರಿಸಿ ಕೊಡುವುದು ರೂಢಿ. ವರ್ಷದ ನಡುವೆ ಸೇರಿದವರಿಗೆ ಸೇರಿದ ತಿಂಗಳಿಂದ ಲೆಕ್ಕ. ಕೆಲವು ಕಡೆ ಒಂದು ದಿನಾಂಕದ ನಂತರ ಸೇರಿದರೆ ಆ ವರ್ಷಕ್ಕೆ ಏನೂ ಇಲ್ಲ. ಕಳೆದ ಎರಡು ವರ್ಷ ಈ ಗ್ರೇಡಿಗೆ ಸರಾಸರಿ ಎಷ್ಟು ಪ್ರತಿಶತ ಕೊಟ್ಟಿದ್ದೀರಿ ಅಂತ ರಿಕ್ರೂಟರ್‌ನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಉತ್ತರ ಥಟ್ಟನೆ ಬಂದರೆ ನೆಮ್ಮದಿ. ನುಣುಚಿಕೊಂಡರೆ ಆ ₹1,60,000ವನ್ನು ನಿಮ್ಮ ಲೆಕ್ಕದಲ್ಲಿ ಅರ್ಧ ಅಂತ ಹಿಡಿಯಿರಿ.

ಈ ಬೇಡಿಕೆ ಸಣ್ಣ ಕಂಪನಿಗಳಲ್ಲಿ ಸಲೀಸು. ದೊಡ್ಡ ಕಂಪನಿಗಳಲ್ಲಿ ಗ್ರೇಡಿಗೆ ಇಷ್ಟು ಪ್ರತಿಶತ ಅಂತ ಸಿಸ್ಟಮ್‌ನಲ್ಲೇ ಕೂರಿಸಿರುತ್ತಾರೆ, ಒಬ್ಬರಿಗಾಗಿ ಬದಲಿಸಲು ಬರುವುದಿಲ್ಲ. ಆದರೂ ಒಂದು ಸಂದರ್ಭದಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ: ಫೋನಿನಲ್ಲಿ ನೀವೇ ಒಂದು ಅಂಕಿ ಹೇಳಿದ್ದು, ಅದೇ ಅಂಕಿ ಪತ್ರದಲ್ಲಿ ಬಂದಿದ್ದು, ಒಳಗಿನ ಹಂಚಿಕೆ ಮಾತ್ರ ನಿಮಗೆ ಹೊಸದಾಗಿದ್ದರೆ. ನಮ್ಮ ಇಂಜಿನಿಯರ್‌ನ ಸ್ಥಿತಿ ಇದೇ. ಹದಿನಾರು ಅಂದವಳು ಈಗ ಹದಿನೆಂಟು ಅಂದರೆ ಕೊಟ್ಟ ಮಾತಿಗೆ ತಪ್ಪಿದ ಹಾಗೆ ಕಾಣುತ್ತದೆ. ಹದಿನಾರರೊಳಗೇ ಇಷ್ಟು ಭಾಗ ವೇರಿಯಬಲ್ ಇರುತ್ತದೆ ಅಂತ ನನಗೆ ತಿಳಿದಿರಲಿಲ್ಲ ಅಂದರೆ ಅದು ನ್ಯಾಯವಾದ ಮಾತು.

ಉಳಿದವು

ನೋಟಿಸ್ ಬೈಔಟ್, ಅಂದರೆ ಹಳೆಯ ಕಂಪನಿಯ ನೋಟಿಸ್ ಅವಧಿಯ ಉಳಿದ ದಿನಗಳಿಗೆ ಹೊಸ ಕಂಪನಿ ಹಣ ಕಟ್ಟುವುದು, ಅವರಿಗೆ ಅವಸರ ಇದ್ದಾಗ ಸುಲಭವಾಗಿ ಸಿಗುತ್ತದೆ. ಆದರೆ ಆ ಹಣ ಹೋಗುವುದು ಹಳೆಯ ಕಂಪನಿಗೆ. ನಿಮಗೆ ಸಂಬಳ ಹೆಚ್ಚಿದಂತಲ್ಲ. ನಿಮ್ಮ ಅವಧಿ 90 ದಿನ ಇದ್ದು ಅವರು 30 ದಿನದಲ್ಲಿ ಬನ್ನಿ ಅನ್ನುತ್ತಿದ್ದರೆ ಕೇಳಿ, ಇಲ್ಲದಿದ್ದರೆ ಬಿಡಿ.

ಆರು ತಿಂಗಳಾದ ಮೇಲೆ ಸಂಬಳ ಪರಿಶೀಲಿಸುತ್ತೇವೆ ಅನ್ನುವ ಭರವಸೆ ಇನ್ನೊಂದು. ಪತ್ರದಲ್ಲಿ ತಿಂಗಳು ಮತ್ತು ಕನಿಷ್ಠ ಏರಿಕೆ ಎರಡೂ ಬರೆದಿದ್ದರೆ ಅದಕ್ಕೆ ಬೆಲೆ. ಬಾಯಿಮಾತಿನದ್ದಾದರೆ, ಅಷ್ಟರಲ್ಲಿ ಹೇಳಿದ ಮ್ಯಾನೇಜರ್ ಬೇರೆ ತಂಡಕ್ಕೆ ಹೋಗಿರುತ್ತಾರೆ.

ಇನ್ನೊಂದು ಆಫರ್ ಕೈಯಲ್ಲಿದ್ದರೆ

ಇದನ್ನು ಹೇಳಬೇಕೋ ಬೇಡವೋ ಅನ್ನುವ ಗೊಂದಲ ಬಹಳ ಜನಕ್ಕಿದೆ. ನಿಜವಾಗಿ ಇದ್ದರೆ ಹೇಳಿ. ಕೇಳಿದರೆ ಪತ್ರ ತೋರಿಸಲೂ ಸಿದ್ಧರಿರಿ, ಯಾಕೆಂದರೆ ಬೆಂಗಳೂರಿನಲ್ಲಿ ಬಹಳಷ್ಟು ಕಂಪನಿಗಳು ಕೇಳಿಯೇ ಕೇಳುತ್ತವೆ. ಇಲ್ಲದ ಆಫರ್ ಹೇಳುವುದು, ಈಗಿನ ಸಂಬಳವನ್ನು ಏರಿಸಿ ಹೇಳುವುದು ಎರಡೂ ಅಪಾಯ. ಮೂರು ತಿಂಗಳ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಇವೆಲ್ಲ ಪರಿಶೀಲನೆಗೆ ಹೋಗುತ್ತವೆ. ಅಂಕಿ ತಾಳೆಯಾಗದಿದ್ದರೆ ಆಫರ್ ರದ್ದಾಗುತ್ತದೆ, ಅದೂ ನೀವು ಹಳೆಯ ಕಡೆ ರಾಜೀನಾಮೆ ಕೊಟ್ಟಾದ ಮೇಲೆ.

ಎರಡನೇ ಆಫರ್‌ಗಿಂತ ಬಲವಾದದ್ದು ಇನ್ನೊಂದಿದೆ, ಅದನ್ನು ಬಳಸುವವರು ಕಡಿಮೆ. ನೋಟಿಸ್ ಅವಧಿ ಎರಡು ಮೂರು ತಿಂಗಳು ಇರುವ ಊರಿನಲ್ಲಿ ರಿಕ್ರೂಟರ್‌ಗಿರುವ ದೊಡ್ಡ ಭಯ, ಒಪ್ಪಿಕೊಂಡವರು ಕೊನೆಯ ವಾರದಲ್ಲಿ ಬರುವುದಿಲ್ಲ ಅನ್ನುವುದು. ನನ್ನ ಕೆಲಸದ ದಿನಗಳಲ್ಲಿ ನಿದ್ದೆಗೆಡಿಸಿದ್ದೂ ಅದೇ. ಇಷ್ಟು ಸಾಧ್ಯವಾದರೆ ಅದೇ ದಿನ ಸಹಿ ಮಾಡಿ ರಾಜೀನಾಮೆ ಕೊಡುತ್ತೇನೆ ಅಂತ ಬರೆದವರ ಮೇಲ್ ಹಿಡಿದು ಮ್ಯಾನೇಜರ್ ಬಳಿ ಹೋಗುವುದು ಸುಲಭವಾಗಿತ್ತು. ಅನುಮತಿ ಕೊಟ್ಟರೆ ಈ ಹುದ್ದೆಯ ಕೆಲಸ ಇವತ್ತೇ ಮುಗಿಯುತ್ತದೆ ಅನ್ನುವುದು ಅವರಿಗೂ ಬೇಕಾದ ಮಾತು. ಈ ಸಾಲನ್ನು ಬರೆದರೆ ನಡೆಸಿಕೊಡಿ. ಬೇರೆ ಕಡೆ ಇನ್ನೂ ಸಂದರ್ಶನ ನಡೆಯುತ್ತಿದ್ದು, ಅಲ್ಲಿಗೆ ಹೋಗುವ ಮನಸ್ಸೂ ಇದ್ದರೆ ಇದನ್ನು ಬರೆಯಬೇಡಿ.

ಮೇಲ್ ಹೀಗಿರಬಹುದು

ಕಚೇರಿಯ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ. ಸಾಲುಗಳ ಕ್ರಮ ಮತ್ತು ತೂಕ ತಿಳಿಯಲಿ ಅಂತ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ನಮ್ಮ ಇಂಜಿನಿಯರ್ ಬರೆದದ್ದು:

*ನಮಸ್ಕಾರ ಮೇಡಂ,*

*ಆಫರ್ ಕಳಿಸಿದ್ದಕ್ಕೆ ಧನ್ಯವಾದ. ತಂಡದವರ ಜೊತೆ ಮಾತಾಡಿದ ಮೇಲೆ ಈ ಕೆಲಸದ ಬಗ್ಗೆ ನನ್ನ ಆಸಕ್ತಿ ಹೆಚ್ಚಿದೆ. ಸೇರಲು ಮನಸ್ಸಿದೆ.*

*ವಿಂಗಡಣೆ ನೋಡಿದೆ. ಫೋನಿನಲ್ಲಿ ನಾನು ಹದಿನಾರು ಲಕ್ಷ ಹೇಳುವಾಗ ಅದರಲ್ಲಿ ₹1,60,000 ವೇರಿಯಬಲ್ ಸೇರುತ್ತದೆ ಅಂತ ತಿಳಿದಿರಲಿಲ್ಲ. ಒಟ್ಟು ಸಿಟಿಸಿಯನ್ನು ಹಾಗೆಯೇ ಇಟ್ಟು, ವೇರಿಯಬಲ್‌ನಲ್ಲಿ ₹80,000 ಫಿಕ್ಸೆಡ್‌ಗೆ ಸೇರಿಸಿ ಫಿಕ್ಸೆಡ್ ಗ್ರಾಸ್ ₹14,40,000 ಮಾಡಲು ಸಾಧ್ಯವೇ?*

*ಇನ್ನೊಂದು ವಿಷಯ ತಮ್ಮ ಗಮನಕ್ಕೆ. ಫೆಬ್ರುವರಿಯಲ್ಲಿ ಸೇರಿದರೆ ಈಗಿನ ಕಂಪನಿಯಲ್ಲಿ ಏಪ್ರಿಲ್‌ಗೆ ಬರಬೇಕಾದ ₹90,000 ಬೋನಸ್ ನನಗೆ ಸಿಗುವುದಿಲ್ಲ. ಅದರ ಪತ್ರ ಲಗತ್ತಿಸಿದ್ದೇನೆ.*

*ಇದು ಸಾಧ್ಯವಾದರೆ ಪರಿಷ್ಕೃತ ಪತ್ರ ಬಂದ ದಿನವೇ ಸಹಿ ಮಾಡಿ ರಾಜೀನಾಮೆ ಕೊಡುತ್ತೇನೆ. ಮಾತಾಡುವುದಿದ್ದರೆ ಇವತ್ತು ಸಂಜೆ ಐದರ ಮೇಲೆ ಬಿಡುವಾಗಿದ್ದೇನೆ.*

ಇದರಲ್ಲಿ ಬೇಡಿಕೆ ಇರುವುದು ಒಂದೇ. ಬೋನಸ್ಸಿನ ಸಂಗತಿಯನ್ನು ಮಾಹಿತಿ ಅಂತ ಮಾತ್ರ ಇಟ್ಟಿದ್ದಾಳೆ, ಮೊದಲನೆಯದು ಆಗದಿದ್ದರೆ ರಿಕ್ರೂಟರ್‌ಗೆ ಇನ್ನೊಂದು ದಾರಿ ಕಾಣಲಿ ಅಂತ. ಫಿಕ್ಸೆಡ್, ಬೋನಸ್, ಮನೆಯಿಂದ ಕೆಲಸ, ರಜೆ, ಹುದ್ದೆಯ ಹೆಸರು ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕೇಳಿದವರಿಗೆ ಅವುಗಳಲ್ಲಿ ಕಂಪನಿಗೆ ಅಗ್ಗವಾದದ್ದು ಸಿಗುತ್ತದೆ. ಹಾಗೆಯೇ ಕ್ಷಮಿಸಿ, ತಪ್ಪು ತಿಳಿಯಬೇಡಿ, ತೊಂದರೆ ಕೊಡುತ್ತಿದ್ದೇನೆ ಅನ್ನುವ ಮಾತುಗಳು ಇಲ್ಲಿಲ್ಲ. ಸಂಬಳ ಕೇಳಲು ಸಂಕೋಚಪಡುವ ಮನೆಗಳಲ್ಲಿ ಬೆಳೆದವರು ನಾವು, ಆ ಮಾತು ತಾನಾಗಿ ಬಂದುಬಿಡುತ್ತದೆ. ಮೂರು ಸಲ ಕ್ಷಮೆ ಕೇಳಿದ ಮೇಲ್ ಓದಿದವರಿಗೆ, ಇಲ್ಲ ಅಂದರೂ ಇವರು ಬರುತ್ತಾರೆ ಅನ್ನಿಸುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ಈ ಆಫರ್ ನನ್ನ ಅನುಭವಕ್ಕೆ ತಕ್ಕುದಲ್ಲ ಅನ್ನುವಂಥ ಸಾಲು. ಪತ್ರ ತಯಾರಿಸಿದವರ ಕಣ್ಣಿಗೆ ಅದು ಆಕ್ಷೇಪಣೆ, ಉತ್ತರವೂ ಅದೇ ಧಾಟಿಯಲ್ಲಿ ಬರುತ್ತದೆ.

ಮರುದಿನ ಫೋನ್ ಬರುತ್ತದೆ. ಸಂಬಳದ ವಿಷಯದಲ್ಲಿ ಇಲ್ಲ ಅನ್ನುವುದನ್ನು ಬರೆದು ಕಳಿಸುವುದಕ್ಕಿಂತ ಹೇಳುವುದೇ ರಿಕ್ರೂಟರ್‌ಗೆ ಹಗುರ. ಆಕೆ ಹೇಳಿದ್ದು: ವೇರಿಯಬಲ್ ಈ ಗ್ರೇಡಿಗೆ 10%, ಬದಲಾಯಿಸೋಕೆ ಬರಲ್ಲ. ಜಾಯ್ನಿಂಗ್ ಬೋನಸ್ ₹75,000 ಕೊಡಿಸಬಹುದು, ಒಂದು ವರ್ಷದ ಷರತ್ತು ಇರುತ್ತೆ. ಓಕೆನಾ?

ಓಕೆ ಅಂದುಬಿಡುವ ಗಳಿಗೆ ಇದು. ಫೋನಿನಲ್ಲಿ ಧನ್ಯವಾದ ಹೇಳಿ, ಲೆಕ್ಕ ನೋಡಿ ಒಂದು ಗಂಟೆಯಲ್ಲಿ ಮೇಲ್ ಮಾಡ್ತೀನಿ ಅನ್ನಿ. ಲೆಕ್ಕ ಹೀಗೆ: ₹80,000 ಫಿಕ್ಸೆಡ್‌ಗೆ ಬಂದಿದ್ದರೆ ಪ್ರತಿ ವರ್ಷವೂ ಖಾತ್ರಿಯಾಗಿರುತ್ತಿತ್ತು. ₹75,000 ಬೋನಸ್ ಮೊದಲ ವರ್ಷ ಹೆಚ್ಚುಕಡಿಮೆ ಅದರ ಸಮಕ್ಕೆ ನಿಲ್ಲುತ್ತದೆ, ತೆರಿಗೆ ಕಳೆದು ₹63,300 ಕೈಗೆ ಬರುತ್ತದೆ. ಎರಡನೇ ವರ್ಷದಿಂದ ಏನೂ ಇಲ್ಲ. ಬಿಟ್ಟು ಬರುವ ₹90,000ದಲ್ಲಿ ಬಹುಪಾಲು ತುಂಬಿತು, ಆದರೆ ತಿಂಗಳ ಕೈಸಂಬಳದ ಪ್ರಶ್ನೆ ಹಾಗೇ ಉಳಿಯಿತು. ಆದ್ದರಿಂದ ಎರಡನೇ ಮೇಲ್ ಚಿಕ್ಕದು: ಜಾಯ್ನಿಂಗ್ ಬೋನಸ್‌ಗೆ ಧನ್ಯವಾದ, ಒಪ್ಪಿಗೆಯಿದೆ. ವೇರಿಯಬಲ್ ನಿಯಮ ಬದಲಾಗದು ಅನ್ನುವುದು ಅರ್ಥವಾಯಿತು. ಹಾಗಿದ್ದರೆ ಫಿಕ್ಸೆಡ್ ಗ್ರಾಸ್ ಅನ್ನು ₹14,00,000ಕ್ಕೆ ತರಲು ಮ್ಯಾನೇಜರ್ ಬಳಿ ಒಮ್ಮೆ ಕೇಳಲು ಸಾಧ್ಯವೇ? ಅಷ್ಟಾದರೆ ಇವತ್ತೇ ಮುಗಿಸೋಣ.

ಬೇಡಿಕೆ ₹80,000ದಿಂದ ₹40,000ಕ್ಕೆ ಇಳಿದಿದೆ, ಅವರ ನಿಯಮವನ್ನು ಒಪ್ಪಿಕೊಂಡಿದೆ, ಕೊಟ್ಟದ್ದನ್ನು ಸ್ವೀಕರಿಸಿದೆ. ಇಂಥ ಮೇಲ್‌ಗೆ ಹೂಂ ಅನ್ನುವುದು ಮ್ಯಾನೇಜರ್‌ಗೆ ಕಷ್ಟವಲ್ಲ. ಹೂಂ ಅಂದರೆ ತಿಂಗಳಿಗೆ ಸುಮಾರು ₹2,800 ಹೆಚ್ಚು ಕೈಗೆ ಬರುತ್ತದೆ. ಊಹೂಂ ಅಂದರೆ ಇಲ್ಲಿಗೆ ನಿಲ್ಲಿಸಿ, ಬೋನಸ್ ಸಮೇತ ಒಪ್ಪುವುದೋ ಬಿಡುವುದೋ ನಿರ್ಧರಿಸಿ. ಮೂರನೇ ಸುತ್ತಿನಲ್ಲಿ ಸಿಗುವುದು ಕಡಿಮೆ. ಸೇರಿದ ಮೇಲೆ ಅದೇ ಮ್ಯಾನೇಜರ್ ಕೈಕೆಳಗೆ ಕೆಲಸ ಮಾಡಬೇಕು ಅನ್ನುವುದೂ ನೆನಪಿರಲಿ.

ಕೇಳದೆ ಒಪ್ಪುವುದೇ ಸರಿ ಅನ್ನುವ ಸಂದರ್ಭಗಳು

ಕ್ಯಾಂಪಸ್ ಆಯ್ಕೆಯಲ್ಲಿ ಇಡೀ ಬ್ಯಾಚಿಗೆ ಒಂದೇ ಪ್ಯಾಕೇಜ್ ಇರುತ್ತದೆ, ಅಲ್ಲಿ ಕೇಳಿ ಉಪಯೋಗವಿಲ್ಲ. ಸೇರುವ ಊರು, ದಿನಾಂಕ ಇಂಥವನ್ನು ಬೇಕಾದರೆ ಕೇಳಬಹುದು. ಸರ್ಕಾರಿ ಮತ್ತು ಸಾರ್ವಜನಿಕ ವಲಯದ ಹುದ್ದೆಗಳಲ್ಲಿ ವೇತನ ಶ್ರೇಣಿ ನಿಗದಿಯಾಗಿರುತ್ತದೆ. ಫೋನಿನಲ್ಲಿ ಫಿಕ್ಸೆಡ್ ಇಷ್ಟು, ವೇರಿಯಬಲ್ ಇಷ್ಟು ಅಂತ ಪೂರ್ತಿ ಮಾತಾಗಿ ನೀವು ಒಪ್ಪಿದ್ದು, ಪತ್ರವೂ ಹಾಗೇ ಬಂದಿದ್ದರೆ, ಅದನ್ನು ಮತ್ತೆ ತೆರೆಯುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಮಾತನ್ನು ನಂಬಿ ಒಳಗೆ ಅನುಮತಿ ತಂದ ರಿಕ್ರೂಟರ್‌ನ್ನು ಅದು ಮುಜುಗರಕ್ಕೆ ಸಿಲುಕಿಸುತ್ತದೆ. ಅಷ್ಟರಲ್ಲಿ ನಿಜವಾಗಿ ಹೊಸ ಸಂಗತಿ ಬಂದಿದ್ದರೆ, ಈಗಿನ ಕಂಪನಿಯಲ್ಲಿ ಹೈಕ್ ಆಗಿದೆ ಅಂತಿಟ್ಟುಕೊಳ್ಳಿ, ಅದನ್ನು ಪತ್ರದ ಸಮೇತ ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನು ಎಲ್ಲ ಒಪ್ಪಿಗೆಯಾದ ಮೇಲಿನ ಕೆಲಸ. ಅಪ್ರೂವಲ್ ಆಗಿದೆ, ಲೆಟರ್ ಎರಡು ದಿನದಲ್ಲಿ ಬರುತ್ತೆ, ನೀವು ರಿಸೈನ್ ಮಾಡಿ ಅಂತ ಫೋನಿನಲ್ಲಿ ಹೇಳುವುದುಂಟು. ಕೆಟ್ಟ ಉದ್ದೇಶದಿಂದ ಹಾಗೆ ಹೇಳುವುದಿಲ್ಲ, ಅವರಿಗೆ ಸೇರುವ ದಿನಾಂಕದ ಚಿಂತೆ. ಆದರೂ ಪರಿಷ್ಕೃತ ಪತ್ರ ಕೈಗೆ ಬಂದು, ಫಿಕ್ಸೆಡ್ ಗ್ರಾಸ್, ಜಾಯ್ನಿಂಗ್ ಬೋನಸ್, ಅದು ಪಾವತಿಯಾಗುವ ತಿಂಗಳು, ವಾಪಸಾತಿಯ ಷರತ್ತು ಈ ನಾಲ್ಕನ್ನೂ ನೀವು ಓದಿ ತಾಳೆ ನೋಡುವವರೆಗೆ ಹಳೆಯ ಕಂಪನಿಗೆ ರಾಜೀನಾಮೆಯ ಮೇಲ್ ಕಳಿಸಬೇಡಿ. ಹೀಗೆ ಬರೆದರೆ ಸಾಕು: ನನ್ನ ರಾಜೀನಾಮೆ ಪತ್ರ ಸಿದ್ಧವಿದೆ, ಪರಿಷ್ಕೃತ ಆಫರ್ ಬಂದ ಗಂಟೆಯೊಳಗೆ ಕಳಿಸಿ ಅದರ ಪ್ರತಿಯನ್ನು ನಿಮಗೂ ಹಾಕುತ್ತೇನೆ. ನನ್ನ ಅನುಭವದಲ್ಲಿ ಇಂಥ ಮೇಲ್ ಬಂದ ಮೇಲೆ ಎರಡು ದಿನ ಅಂದಿದ್ದ ಪತ್ರ ಅದೇ ಸಂಜೆ ಹೊರಟಿದ್ದೇ ಹೆಚ್ಚು.